ಮ್ಯಾನ್‌ಹೋಲ್‌ಗೆ ಇಳಿಯುವವರು ಯಾರು? ಎಥಿಕ್ಸ್ ಪತ್ರಿಕೆಯ ಒಂದು ಪ್ರಕರಣವನ್ನು ಬಿಡಿಸುವ ಬಗೆ

ಪ್ರಶ್ನೆ: ಸರ್, ಕನ್ನಡ ಮಾಧ್ಯಮದಲ್ಲಿ ಯುಪಿಎಸ್‌ಸಿ ಮೇನ್ಸ್ ಬರೀತಾ ಇದ್ದೀನಿ. ಎಥಿಕ್ಸ್ ಕೇಸ್ ಸ್ಟಡಿಯಲ್ಲಿ ಸ್ಟೇಕ್‌ಹೋಲ್ಡರ್ ಪಟ್ಟಿ ಮಾಡ್ತೀನಿ, ನಾಲ್ಕು ಆಯ್ಕೆ ಬರೀತೀನಿ, ಕೊನೆಗೆ ಮಧ್ಯಮ ಮಾರ್ಗ ಹೇಳ್ತೀನಿ. ಆದರೂ ಟೆಸ್ಟ್‌ಗಳಲ್ಲಿ 20ಕ್ಕೆ 7, 8 ದಾಟಲ್ಲ. ‘ಬ್ಯಾಲೆನ್ಸ್ ಇಲ್ಲ’ ಅಂತ ಬರೆದು ಕೊಡ್ತಾರೆ. ಬ್ಯಾಲೆನ್ಸ್ ಅಂದರೆ ಏನು ಸರ್? ಒಂದು ಕೇಸ್ ಪೂರ್ತಿ ಬಿಡಿಸಿ ತೋರಿಸ್ತೀರಾ? ನಾನು ಬರೆದ ಎರಡು ಉತ್ತರ ಜೊತೆಗೆ ಕಳಿಸಿದ್ದೀನಿ.

ಉತ್ತರ: ನಿಮ್ಮ ಎರಡೂ ಉತ್ತರಗಳನ್ನು ಓದಿದೆ. ಒಂದು ಪ್ರಶ್ನೆ ಜಿಲ್ಲಾ ಆಸ್ಪತ್ರೆಯ ಔಷಧ ಖರೀದಿಯದು, ಇನ್ನೊಂದು ಹಳ್ಳಿ ಶಾಲೆಯದು. ಆದರೆ ಎರಡರಲ್ಲೂ ನಿಮ್ಮ ಪಟ್ಟಿ ಒಂದೇ: ನಾನು, ಸಾರ್ವಜನಿಕರು, ಸರ್ಕಾರ, ಮಾಧ್ಯಮ, ಸಮಾಜ. ಆ ಪಟ್ಟಿಯ ಮೇಲೆ ಕೈ ಮುಚ್ಚಿಕೊಂಡು ಉಳಿದದ್ದನ್ನು ಮತ್ತೆ ಓದಿದೆ. ನಿಮ್ಮ ತೀರ್ಮಾನದಲ್ಲಿ ಏನೂ ಕಡಿಮೆಯಾಗಲಿಲ್ಲ. ಪಟ್ಟಿ ಇದ್ದರೂ ಅದೇ ತೀರ್ಮಾನ, ಇಲ್ಲದಿದ್ದರೂ ಅದೇ. ನಿಮ್ಮ ಅಂಕ ಹೋಗುತ್ತಿರುವುದು ಅಲ್ಲಿ.

ಇದಕ್ಕೆ ಭಾಷೆಯೂ ಸ್ವಲ್ಪ ಕಾರಣ ಎಂದು ನನಗೆ ಅನಿಸುತ್ತದೆ. ಮೇನ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ನೀವು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಯೋಚಿಸಬೇಕು. ‘ಸ್ಟೇಕ್‌ಹೋಲ್ಡರ್’ ಎಂಬುದನ್ನು ನಮ್ಮ ಪುಸ್ತಕಗಳು ‘ಪಾಲುದಾರರು’ ಎಂದು ಕೊಡುತ್ತವೆ. ಪಾಲುದಾರ ಅಂದ ಕೂಡಲೆ ಮನಸ್ಸು ಪಾಲು ಇರುವವರ ಕಡೆ, ಅಂದರೆ ಮೇಜಿನ ಸುತ್ತ ಕೂತಿರುವವರ ಕಡೆ ಹೋಗುತ್ತದೆ. ಯಾವ ಪಾಲೂ ಇಲ್ಲದೆ ಪೆಟ್ಟು ಮಾತ್ರ ತಿನ್ನುವವರು ಪಟ್ಟಿಗೆ ಬರುವುದೇ ಇಲ್ಲ. ಆದ್ದರಿಂದ ಓದುವಾಗ ಆ ಪದವನ್ನು ಒಂದು ಪ್ರಶ್ನೆಯಾಗಿ ಮಾಡಿಕೊಳ್ಳಿ: ಈ ತೀರ್ಮಾನ ಯಾರ ಮೇಲೆ ಬೀಳುತ್ತದೆ? ಉತ್ತರದಲ್ಲಿ ‘ಹಿತಾಸಕ್ತರು’ ಎಂದೋ ‘ಸಂಬಂಧಪಟ್ಟವರು’ ಎಂದೋ ಬರೆಯಿರಿ, ಅಡ್ಡಿಯಿಲ್ಲ.

ಇನ್ನು ಪ್ರಕರಣಕ್ಕೆ ಬರೋಣ. ನಾನು ನಗರ ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸ ಮಾಡಿದವನು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಒಂದು ಪ್ರಶ್ನೆ ಕಟ್ಟುತ್ತೇನೆ.

ನೀವು ಒಂದು ಪುರಸಭೆಯ ಮುಖ್ಯಾಧಿಕಾರಿ. ಮೂರು ದಿನ ಕಳೆದರೆ ಊರ ಜಾತ್ರೆ. ಬಸ್ ನಿಲ್ದಾಣದ ಪಕ್ಕದ ಬೀದಿಯಲ್ಲಿ ಒಳಚರಂಡಿ ಕಟ್ಟಿಕೊಂಡು ಮ್ಯಾನ್‌ಹೋಲ್‌ನಿಂದ ಕೊಳಚೆ ರಸ್ತೆಗೆ ಉಕ್ಕುತ್ತಿದೆ. ಕುಡಿಯುವ ನೀರಿನ ಕೊಳವೆ ಅದೇ ಬೀದಿಯಲ್ಲಿ ಹಾದುಹೋಗಿದೆ. ರಭಸದ ನೀರು ಹಾಯಿಸಿ ಚರಂಡಿ ಬಿಡಿಸುವ ಪುರಸಭೆಯ ಜೆಟ್ಟಿಂಗ್ ಯಂತ್ರ ಎರಡು ತಿಂಗಳಿಂದ ಕೆಟ್ಟು ನಿಂತಿದೆ, ಅದರ ದುರಸ್ತಿಯ ಕಡತ ನಿಮ್ಮ ಮೇಜಿನ ಮೇಲೇ ಇದೆ. ಪಕ್ಕದ ನಗರಸಭೆ ತನ್ನ ಯಂತ್ರವನ್ನು ಎರಡು ದಿನ ಬಿಟ್ಟು ಕಳಿಸುವುದಾಗಿ ಹೇಳಿದೆ. ಗುತ್ತಿಗೆದಾರ ಬಂದು, ‘ನನ್ನ ಹತ್ತಿರ ಇಬ್ಬರಿದ್ದಾರೆ ಸಾರ್, ರಾತ್ರಿ ಇಳಿದು ಬೆಳಗಾಗುವುದರೊಳಗೆ ಬಿಡಿಸಿಬಿಡುತ್ತಾರೆ’ ಎನ್ನುತ್ತಾನೆ. ಪುರಸಭೆ ಅಧ್ಯಕ್ಷರು ಹಾಗೇ ಮಾಡಿ ಎಂದು ಒತ್ತಾಯಿಸುತ್ತಾರೆ. ಆ ಇಬ್ಬರಲ್ಲಿ ಒಬ್ಬಾತ ಸಂಜೆ ನಿಮ್ಮ ಕಚೇರಿಗೇ ಬಂದು, ‘ಸ್ವಾಮಿ, ನಮಗೆ ಅಭ್ಯಾಸ ಇದೆ, ಕೆಲಸ ಕೊಡಿ, ಮಗಳ ಫೀಜು ಕಟ್ಟಬೇಕು’ ಎಂದು ಕೇಳಿಕೊಳ್ಳುತ್ತಾನೆ. ಇಲ್ಲಿರುವ ನೈತಿಕ ಸಂಗತಿಗಳು ಯಾವುವು? ನಿಮ್ಮ ಮುಂದಿರುವ ಆಯ್ಕೆಗಳೇನು? ನೀವು ಏನು ಮಾಡುತ್ತೀರಿ, ಯಾಕೆ?

ಮೊದಲು ಗಡಿಯಾರ ನೋಡಿಕೊಳ್ಳಿ. ಪತ್ರಿಕೆ 250 ಅಂಕದ್ದು, ಸಮಯ ಮೂರು ಗಂಟೆ. ಎರಡನೆಯ ಭಾಗದಲ್ಲಿ ತಲಾ 20 ಅಂಕದ ಆರು ಪ್ರಕರಣಗಳು ಬರುತ್ತಿವೆ. ಒಂದೊಂದಕ್ಕೂ 250 ಪದದ ಮಿತಿ. ಅಂಕಕ್ಕೆ ತಕ್ಕಂತೆ ಹಂಚಿದರೆ ಒಂದು ಪ್ರಕರಣಕ್ಕೆ 14 ನಿಮಿಷ ಸಿಗುತ್ತದೆ. ಅದರಲ್ಲಿ ನಾಲ್ಕು ನಿಮಿಷವನ್ನು ಪೆನ್ನು ಕೆಳಗಿಟ್ಟು ಓದುವುದಕ್ಕೆ ಕೊಡಿ. ನನ್ನಲ್ಲಿಗೆ ಬರುವ ಹುಡುಗರು ಇದಕ್ಕೆ ಒಪ್ಪುವುದಿಲ್ಲ, ಒಂದೂವರೆ ನಿಮಿಷಕ್ಕೇ ಬರೆಯಲು ಶುರುಮಾಡುತ್ತಾರೆ. ಆಮೇಲೆ ಉಳಿದ ಹನ್ನೆರಡು ನಿಮಿಷವೂ ಯಾವ ಪ್ರಶ್ನೆಗಾದರೂ ಹೊಂದುವಂಥ ಉತ್ತರವನ್ನು ಬರೆಯುತ್ತಾರೆ.

ಆ ನಾಲ್ಕು ನಿಮಿಷದಲ್ಲಿ ಹುಡುಕಬೇಕಾದದ್ದು, ಪ್ರಶ್ನೆ ಬರೆದವರು ಬೇಕೆಂದೇ ಇಟ್ಟಿರುವ ಸಾಲುಗಳನ್ನು. ಮೇಲಿನ ಪ್ರಶ್ನೆಯಲ್ಲಿ ಅಂಥವು ಮೂರಿವೆ. ಒಂದು, ನೀರಿನ ಕೊಳವೆ ಅದೇ ಬೀದಿಯಲ್ಲಿದೆ ಎಂಬುದು. ಎರಡು, ದುರಸ್ತಿಯ ಕಡತ ನಿಮ್ಮ ಮೇಜಿನ ಮೇಲೇ ಇದೆ ಎಂಬುದು. ಮೂರು, ಕಾರ್ಮಿಕ ತಾನಾಗಿಯೇ ಬಂದು ಕೆಲಸ ಕೇಳಿದ ಎಂಬುದು. ಈ ಮೂರನ್ನು ತೆಗೆದುಹಾಕಿದರೆ ಪ್ರಕರಣ ತೀರಾ ಸುಲಭವಾಗುತ್ತದೆ: ಕಾನೂನು ಬೇಡ ಅನ್ನುತ್ತದೆ, ನಾನೂ ಬೇಡ ಅನ್ನುತ್ತೇನೆ, ಮುಗಿಯಿತು. ಅವು ಇರುವುದರಿಂದಲೇ ಪ್ರಶ್ನೆ ಕಷ್ಟವಾಗಿದೆ. ನಿಮ್ಮ ಉತ್ತರದಲ್ಲಿ ಈ ಮೂರೂ ಎಲ್ಲಿಯೂ ಬಾರದಿದ್ದರೆ, ನೀವು ಪ್ರಶ್ನೆಯನ್ನು ಓದಿಲ್ಲ ಎಂದೇ ಮೌಲ್ಯಮಾಪಕರು ತಿಳಿಯುತ್ತಾರೆ.

ಈಗ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡೋಣ. ಒಬ್ಬೊಬ್ಬರ ಎದುರಿಗೂ ಕಚ್ಚಾ ಹಾಳೆಯಲ್ಲಿ ಎರಡು ವಿಷಯ ಗುರುತುಮಾಡಿ. ತೀರ್ಮಾನ ಅವರಿಗೆ ವಿರುದ್ಧವಾದರೆ ಅವರು ಏನು ಕಳೆದುಕೊಳ್ಳುತ್ತಾರೆ? ಕಳೆದದ್ದು ಮತ್ತೆ ಸಿಗುತ್ತದೆಯೇ?

ಇಳಿಯುವ ಇಬ್ಬರು ಕಳೆದುಕೊಳ್ಳುವುದು ಪ್ರಾಣ. ಇದು ದೊಡ್ಡ ಮಾತಿಗಾಗಿ ಹೇಳಿದ್ದಲ್ಲ. ಕಟ್ಟಿಕೊಂಡ ಚರಂಡಿಯ ಒಳಗೆ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಸೇರಿಕೊಂಡಿರುತ್ತವೆ, ಆಮ್ಲಜನಕ ಕಡಿಮೆ ಇರುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಸಾಯಿಸಿಬಿಡುತ್ತದೆ. ವಾಸನೆ ನಿಂತಿತು, ಈಗ ಪರವಾಗಿಲ್ಲ ಎಂದು ಇಳಿದವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಮೇಲಿದ್ದವನು ಹಾಗೇ ಇಳಿಯುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸಾಯುವುದು ಹೀಗೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಪ್ರಶ್ನೆಯಲ್ಲಿಲ್ಲದ ಮೂರನೆಯವನೊಬ್ಬ ಇರಬೇಕು: ಕಾಪಾಡಲು ಇಳಿಯುವವನು. ಅವನನ್ನು ನೀವು ಹೆಸರಿಸಿದರೆ ಈ ಕೆಲಸ ನಡೆಯುವ ಬಗೆ ನಿಮಗೆ ಗೊತ್ತಿದೆ ಎಂದು ಓದುವವರಿಗೆ ತಿಳಿಯುತ್ತದೆ.

ಆ ಬೀದಿಯವರು ಕಳೆದುಕೊಳ್ಳುವುದು ಆರೋಗ್ಯ, ಅದೂ ಇವತ್ತು ರಾತ್ರಿಯಿಂದಲೇ. ಹೆಚ್ಚಿನ ಉತ್ತರಗಳು ಜಾತ್ರೆಗೆ ಬರುವ ಸಾವಿರಾರು ಭಕ್ತರ ಬಗ್ಗೆ ಬರೆಯುತ್ತವೆ. ಭಕ್ತರು ಬರುವುದು ಮೂರು ದಿನದ ಮೇಲೆ. ನಾಳೆ ಬೆಳಗ್ಗೆ ನಲ್ಲಿ ತಿರುಗಿಸಿ ಬಿಂದಿಗೆ ತುಂಬಿಕೊಳ್ಳುವವರು ಆ ಬೀದಿಯ ಜನ. ನೀರು ಬಿಡದ ಹೊತ್ತಿನಲ್ಲಿ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಎಲ್ಲಾದರೂ ಬಿರುಕಿದ್ದರೆ ಸುತ್ತ ನಿಂತ ಕೊಳಚೆ ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ವಾಂತಿಭೇದಿ ಹಬ್ಬುವ ಮಾಮೂಲಿ ದಾರಿಗಳಲ್ಲಿ ಇದೂ ಒಂದು. ಇದು ಭಾರಿ ಅಪಾಯವೇ ಸರಿ. ಆದರೆ ಒಂದು ವ್ಯತ್ಯಾಸ ಗಮನಿಸಿ. ಈ ಅಪಾಯವನ್ನು ಇಳಿಸಲು ಯಾರನ್ನೂ ಗುಂಡಿಗೆ ಇಳಿಸಬೇಕಾಗಿಲ್ಲ, ಬೇರೆ ದಾರಿಗಳಿವೆ. ಅವನ್ನು ಮುಂದೆ ಹೇಳುತ್ತೇನೆ.

ಅಧ್ಯಕ್ಷರಿಗೆ ಮರ್ಯಾದೆಯ ಪ್ರಶ್ನೆ, ಬೀದಿಯ ಅಂಗಡಿಯವರಿಗೆ ಎರಡು ದಿನದ ವ್ಯಾಪಾರ, ಗುತ್ತಿಗೆದಾರನಿಗೆ ಒಂದು ಬಿಲ್ಲು. ಇವೆಲ್ಲ ನಿಜವಾದ ನಷ್ಟಗಳೇ, ತಾತ್ಸಾರ ಬೇಡ. ಆದರೆ ಇವು ಮತ್ತೆ ತುಂಬಿಕೊಳ್ಳಬಹುದಾದವು.

ಉಳಿದವರು ನೀವು. ಪಟ್ಟಿಯ ಕೊನೆಗೆ ಶಾಸ್ತ್ರಕ್ಕೆ ‘ನಾನು’ ಎಂದು ಸೇರಿಸುತ್ತೀರಲ್ಲ, ಇಲ್ಲಿ ಅದಕ್ಕೆ ತೂಕವಿದೆ. ಕಡತ ಎರಡು ತಿಂಗಳು ನಿಮ್ಮಲ್ಲಿತ್ತು. ಆ ಇಬ್ಬರು ರಾತ್ರಿ ಇಳಿದು ಚರಂಡಿ ಬಿಡಿಸಿಬಿಟ್ಟರೆ ನಿಮ್ಮ ವಿಳಂಬ ಯಾರ ಕಣ್ಣಿಗೂ ಬೀಳುವುದಿಲ್ಲ. ಪಕ್ಕದ ನಗರಸಭೆಯ ಯಂತ್ರ ತರಿಸಿದರೆ, ನಮ್ಮದು ಯಾಕೆ ಕೆಟ್ಟಿದೆ ಎಂಬ ಪ್ರಶ್ನೆ ಏಳುತ್ತದೆ. ಅಂದರೆ ತಪ್ಪು ದಾರಿಯಲ್ಲಿ ನಿಮಗೆ ಸ್ವಂತ ಲಾಭವಿದೆ. ಹಿತಾಸಕ್ತಿಗಳ ಸಂಘರ್ಷ ಎಂದು ಪಠ್ಯದಲ್ಲಿ ಓದುವುದು ಬರೀ ಲಂಚಕ್ಕೆ, ಬಂಧುಗಳಿಗೆ ಟೆಂಡರ್ ಕೊಡುವುದಕ್ಕೆ ಸಂಬಂಧಿಸಿದ್ದಲ್ಲ. ತನ್ನ ಲೋಪವನ್ನು ಮುಚ್ಚಿಕೊಳ್ಳುವ ಆಸೆಯೂ ಅಂಥದ್ದೇ. ಇದನ್ನು ಉತ್ತರದಲ್ಲಿ ಬಾಯಿಬಿಟ್ಟು ಒಪ್ಪಿಕೊಳ್ಳಿ. ಈ ಒಂದು ಸಾಲು ಬರೆಯುವ ಅಭ್ಯರ್ಥಿಗಳು ನನಗೆ ಸಿಕ್ಕಿರುವುದು ಬಹಳ ಕಡಿಮೆ.

ಇನ್ನು ಆ ಕಾರ್ಮಿಕನ ಮಾತು. ಅವನೇ ಬಂದು ಕೇಳುತ್ತಿದ್ದಾನೆ, ಬೇಡವೆನ್ನಲು ನೀವು ಯಾರು? ಇದು ಹುಸಿ ಪ್ರಶ್ನೆಯಲ್ಲ, ಗೌರವದಿಂದ ಉತ್ತರಿಸಬೇಕಾದದ್ದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನಲ್ಲಿ ಹೀಗೇ ಇಳಿಸಿದ್ದರು. ಒಬ್ಬರನ್ನು ಪ್ರಜ್ಞೆತಪ್ಪಿದ ಸ್ಥಿತಿಯಲ್ಲಿ ಎಳೆದು ತೆಗೆದರು. ಪುಣ್ಯಕ್ಕೆ ಬದುಕಿದರು. ಆಮೇಲೆ ಕಡತದಲ್ಲಿ ಕಂಡ ಸಾಲು: ‘ಕಾರ್ಮಿಕರು ಸ್ವಇಚ್ಛೆಯಿಂದ ಒಪ್ಪಿ ಕೆಲಸ ನಿರ್ವಹಿಸಿರುತ್ತಾರೆ’. ಅವರನ್ನು ಆಸ್ಪತ್ರೆಯಲ್ಲಿ ನೋಡಿದ್ದ ನನಗೆ ಆ ಸಾಲನ್ನು ಇಂದಿಗೂ ಮರೆಯಲು ಆಗಿಲ್ಲ. ಬೇಡ ಎಂದರೆ ಒಲೆ ಹೊತ್ತುವುದಿಲ್ಲ ಎಂಬ ಸ್ಥಿತಿಯಲ್ಲಿ ಬೇಕು ಎನ್ನುವುದನ್ನು ಪೂರ್ತಿ ಸ್ವತಂತ್ರ ಒಪ್ಪಿಗೆ ಎನ್ನಲು ಬರುವುದಿಲ್ಲ. ಅದರ ಜೊತೆಗೆ ಜಾತಿಯ ಮಾತಿದೆ. ಈ ಕೆಲಸಕ್ಕೆ ಇಳಿಯುವವರು ಬಹುತೇಕ ದಲಿತ ಸಮುದಾಯದವರು. ‘ನಮಗೆ ಅಭ್ಯಾಸ ಇದೆ’ ಎಂಬ ಅವನ ಮಾತಿನ ಹಿಂದೆ ತಲೆಮಾರುಗಳ ಕಟ್ಟುಪಾಡಿದೆ. ಆದರೆ ಅವನ ಮಗಳ ಫೀಜು ಕೂಡ ನಿಜ. ನೀವು ಅವನ ಕೋರಿಕೆಯನ್ನು ತಿರಸ್ಕರಿಸಿ ಅಗತ್ಯವನ್ನೂ ಮರೆತರೆ, ಅವನನ್ನು ಕಾಪಾಡುವ ಹೆಸರಿನಲ್ಲಿ ಹಸಿವಿಗೆ ಬಿಟ್ಟಂತೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಮುಂದೆ ಹೋಗಬೇಕು.

ಕಾನೂನು ಎಲ್ಲಿ ನಿಲ್ಲುತ್ತದೆ ಎಂದು ಈಗ ನೋಡಬೇಕು, ಏಕೆಂದರೆ ಈ ಪ್ರಕರಣದ ನಿಜವಾದ ಬಿಗಿ ಅಲ್ಲಿದೆ. ಮಲ ಹೊರುವವರ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಕಾಯ್ದೆ 2013ರದು. ಅದರ 7ನೇ ಕಲಂ ಪ್ರಕಾರ ಯಾರೂ, ಯಾವ ಸ್ಥಳೀಯ ಸಂಸ್ಥೆಯೂ, ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ, ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೆ ಜನರನ್ನು ನೇಮಿಸುವಂತಿಲ್ಲ. ‘ಬೇರೆಯವರ ಮೂಲಕ’ ಎಂಬ ಮಾತು ಗುತ್ತಿಗೆದಾರನ ದಾರಿಯನ್ನು ಮುಚ್ಚುತ್ತದೆ. ಮೊದಲ ಸಲದ ಉಲ್ಲಂಘನೆಗೆ ಎರಡು ವರ್ಷದವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ತುರ್ತು ಸಂದರ್ಭದಲ್ಲಿಯೂ ಸುರಕ್ಷಾ ಸಾಧನವಿಲ್ಲದೆ ಇಳಿಸುವುದು ಅಪರಾಧವಾಗಬೇಕು ಎಂದು ಹೇಳಿ, ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಅಭ್ಯರ್ಥಿಗಳು ಇಲ್ಲಿಗೆ ನಿಲ್ಲಿಸಿ ‘ಕಾನೂನುಬಾಹಿರ, ಆದ್ದರಿಂದ ನಿರಾಕರಿಸುತ್ತೇನೆ’ ಎಂದು ಬರೆಯುತ್ತಾರೆ. ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ ಒಂದು ಕಿಂಡಿ ಇದೆ. ಸುರಕ್ಷಾ ಸಾಧನಗಳೊಂದಿಗೆ ಮನುಷ್ಯರನ್ನು ಇಳಿಸಬಹುದಾದ ಕೆಲವು ಸಂದರ್ಭಗಳನ್ನು ನಿಯಮವು ಹೆಸರಿಸುತ್ತದೆ. ಯಂತ್ರದಿಂದ ಎತ್ತಲಾಗದ ಕಾಂಕ್ರೀಟ್ ಮುಚ್ಚಳ ಒಳಗೆ ಬಿದ್ದಿರುವುದು ಅವುಗಳಲ್ಲೊಂದು. ಕೊನೆಯಲ್ಲಿ, ತೀರಾ ಅನಿವಾರ್ಯವಾದಾಗ ಸ್ಥಳೀಯ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು ಸಕಾರಣಗಳನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಡಬಹುದು ಎಂದೂ ಇದೆ. ಈ ಪ್ರಕರಣದಲ್ಲಿ ಆ ಅಧಿಕಾರ ನಿಮ್ಮ ಕೈಯಲ್ಲೇ ಇದೆ! ಗುತ್ತಿಗೆದಾರ ಕೇಳುತ್ತಿರುವುದೂ, ಅಧ್ಯಕ್ಷರು ಬಯಸುತ್ತಿರುವುದೂ ನಿಮ್ಮ ಒಂದು ಸಹಿ. ಕಾನೂನು ನಿಮ್ಮ ಪರವಾಗಿ ತೀರ್ಮಾನ ಮಾಡಿಕೊಡುವುದಿಲ್ಲ. ‘ತೀರಾ ಅನಿವಾರ್ಯ’ ಅಂದರೆ ಏನು ಎಂಬುದನ್ನು ನಿಮ್ಮ ವಿವೇಚನೆಗೆ ಬಿಟ್ಟಿದೆ. ನೀತಿಶಾಸ್ತ್ರದ ಪ್ರಶ್ನೆ ಶುರುವಾಗುವುದು ಅಲ್ಲಿಂದ.

ಈಗ ಆಯ್ಕೆಗಳು. ನಿಮ್ಮ ಉತ್ತರಗಳಲ್ಲಿ ನಾಲ್ಕು ಆಯ್ಕೆ ಇರುತ್ತವೆ, ಅದರಲ್ಲಿ ಮೂರನ್ನು ನಿಲ್ಲಿಸಿರುವುದೇ ಬೀಳಿಸುವುದಕ್ಕೆ. ‘ಒತ್ತಡಕ್ಕೆ ಮಣಿಯುವುದು’, ‘ರಾಜೀನಾಮೆ ಕೊಡುವುದು’, ‘ಸುಮ್ಮನಿರುವುದು’ ಇಂಥವನ್ನು ಬರೆದು ಒಂದು ಸಾಲಿನಲ್ಲಿ ಹೊಡೆದುಹಾಕಿದರೆ ಅದು ವಿಮರ್ಶೆಯಾಗುವುದಿಲ್ಲ. ಇಲ್ಲಿ ಗಟ್ಟಿ ಆಯ್ಕೆಗಳು ಎರಡೇ. ಸಕಾರಣ ದಾಖಲಿಸಿ ಸುರಕ್ಷಾ ಸಾಧನದೊಂದಿಗೆ ಇಳಿಸಲು ಅನುಮತಿ ಕೊಡುವುದು ಒಂದು. ಯಾರನ್ನೂ ಇಳಿಸದೆ, ಯಂತ್ರ ಬರುವ ತನಕ ಅಪಾಯವನ್ನು ಬೇರೆ ರೀತಿಯಲ್ಲಿ ತಡೆಯುವುದು ಇನ್ನೊಂದು. ಗುತ್ತಿಗೆದಾರನ ಕತ್ತಲಿನ ಪ್ರಸ್ತಾಪಕ್ಕೆ ಒಂದು ಸಾಲು ಸಾಕು.

ನೀವು ತಿರಸ್ಕರಿಸುವ ಆಯ್ಕೆಯ ಪರವಾಗಿ ಇರುವ ಅತ್ಯಂತ ಬಲವಾದ ವಾದವನ್ನು ನೀವೇ ಮಂಡಿಸಿ. ನಿಮ್ಮ ಟೆಸ್ಟ್ ನೋಡಿದವರು ‘ಬ್ಯಾಲೆನ್ಸ್’ ಎಂದು ಕೇಳುತ್ತಿರುವುದರಲ್ಲಿ ಅರ್ಧ ಇದೇ. ಅನುಮತಿ ಕೊಡುವುದರ ಪರ ವಾದ ಹೀಗಿದೆ: ನಿಯಮ ಅದನ್ನು ಒಪ್ಪುತ್ತದೆ, ಕುಡಿಯುವ ನೀರು ಕೆಡುವ ಅಪಾಯ ಈ ಕ್ಷಣದ್ದು, ಸಾವಿರಾರು ಜನ ಬರುವವರಿದ್ದಾರೆ, ಸಾಧನ ತೊಟ್ಟು ಇಳಿದರೆ ಇಬ್ಬರ ಅಪಾಯ ಕಡಿಮೆಯಾಗುತ್ತದೆ, ಅವರಿಗೆ ಕೂಲಿಯೂ ಸಿಗುತ್ತದೆ. ಇದು ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ‘ಮಾನವ ಘನತೆಗೆ ಧಕ್ಕೆ’ ಎಂದಷ್ಟೇ ಬರೆದರೆ ಇದು ಬೀಳುವುದಿಲ್ಲ.

ಇದನ್ನು ಬೀಳಿಸುವುದು ಎರಡು ವಾಸ್ತವಾಂಶಗಳು. ಇವತ್ತು ರಾತ್ರಿ ಬೇಕಾಗುವ ಸಾಧನಗಳು ಪುರಸಭೆಯಲ್ಲಿ ಇವೆಯೇ? ಅನಿಲ ಪತ್ತೆ ಯಂತ್ರ, ಹೊರಗಿನಿಂದ ಉಸಿರಾಟದ ಗಾಳಿ ಕೊಡುವ ಮುಖವಾಡ, ಎದೆಗೆ ಕಟ್ಟುವ ಬೆಲ್ಟು, ಮೇಲಿನಿಂದ ಎತ್ತಲು ಮುಕ್ಕಾಲಿ ಮತ್ತು ಹಗ್ಗ, ಜೊತೆಗೆ ಇವನ್ನು ಬಳಸಿ ಗೊತ್ತಿರುವ ಜನ. ಎರಡು ತಿಂಗಳಿಂದ ಜೆಟ್ಟಿಂಗ್ ಯಂತ್ರವನ್ನೇ ದುರಸ್ತಿ ಮಾಡಿಸದ ಕಚೇರಿಯಲ್ಲಿ ಇವೆಲ್ಲ ಸುಸ್ಥಿತಿಯಲ್ಲಿ ಇರುತ್ತವೆಯೇ? ಕೈಗವಸು, ಗಮ್‌ಬೂಟು ಮತ್ತು ಬಟ್ಟೆಯ ಮಾಸ್ಕು ಅನಿಲವನ್ನು ತಡೆಯುವುದಿಲ್ಲ. ಎರಡನೆಯದು, ಬೇರೆ ದಾರಿ ಇರುವಾಗ ‘ತೀರಾ ಅನಿವಾರ್ಯ’ ಎಂದು ಹೇಗೆ ಬರೆಯುತ್ತೀರಿ? ಯಂತ್ರ ಎರಡು ದಿನದಲ್ಲಿ ಬರುತ್ತದೆ, ಜಾತ್ರೆ ಮೂರು ದಿನಕ್ಕಿದೆ. ಪ್ರಶ್ನೆ ಬರೆದವರು ಈ ಒಂದು ದಿನದ ಅಂತರವನ್ನು ಸುಮ್ಮನೆ ಇಟ್ಟಿಲ್ಲ.

ಹಾಗಾದರೆ ಆ ಎರಡು ದಿನ ಏನು ಮಾಡುವುದು? ‘ತಾತ್ಕಾಲಿಕ ಪರ್ಯಾಯ ವ್ಯವಸ್ಥೆ ಕಲ್ಪಿಸುತ್ತೇನೆ’ ಎಂದು ಎಲ್ಲರೂ ಬರೆಯುತ್ತಾರೆ. ಏನದು ಎಂದು ಹೇಳಿದವರಿಗೆ ಮಾತ್ರ ಅಂಕ. ಕಟ್ಟಿಕೊಂಡ ಜಾಗದ ಮೇಲ್ಭಾಗದ ಮ್ಯಾನ್‌ಹೋಲ್‌ನಿಂದ ಪಂಪಿಟ್ಟು ಕೊಳಚೆಯನ್ನು ಕೆಳಭಾಗದ ಮ್ಯಾನ್‌ಹೋಲ್‌ಗೆ ದಾಟಿಸಬಹುದು. ಆಗ ರಸ್ತೆಗೆ ಉಕ್ಕುವುದು ನಿಲ್ಲುತ್ತದೆ. ಆ ಬೀದಿಯ ನೀರಿನ ವಾಲ್ವ್ ಮುಚ್ಚಿ ಟ್ಯಾಂಕರ್ ಕಳಿಸಬೇಕು. ಮತ್ತೆ ನೀರು ಬಿಡುವ ಮುಂಚೆ ಕೊಳವೆ ತೊಳೆದು ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷಿಸಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ಭಾರತೀಯ ಮಾನದಂಡ. ರಸ್ತೆಗೆ ಬ್ಲೀಚಿಂಗ್ ಪೌಡರ್ ಹಾಕಿ ತಡೆಗೋಡೆ ಇಡಿಸಬೇಕು. ಇದರ ಜೊತೆಗೆ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೂ ಫೋನ್ ಮಾಡಿ ಯಂತ್ರ ಇನ್ನೂ ಬೇಗ ಸಿಗುತ್ತದೆಯೇ ಎಂದು ಕೇಳಬೇಕು. ನಗರಸಭೆಯವರು ಎರಡು ದಿನ ಎಂದಿರುವುದನ್ನು ಮೇಲಿನವರ ಒಂದು ಮಾತು ಒಂದು ದಿನಕ್ಕೆ ಇಳಿಸಿದ್ದನ್ನು ನಾನು ನೋಡಿದ್ದೇನೆ.

ಇಲ್ಲಿಗೆ ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಕೊಡಬಹುದು. ಬ್ಯಾಲೆನ್ಸ್ ಅಂದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಡುವುದು ಎಂದು ನೀವು ತಿಳಿದಿದ್ದೀರಿ. ಅದಕ್ಕೇ ಪ್ರತಿ ಉತ್ತರವೂ ಮಧ್ಯಮ ಮಾರ್ಗಕ್ಕೆ ಹೋಗಿ ನಿಲ್ಲುತ್ತದೆ. ಈ ಪ್ರಕರಣದಲ್ಲಿ ಮಧ್ಯಮ ಮಾರ್ಗ ಅಂದರೆ ಏನಾಗುತ್ತದೆ? ‘ಇಬ್ಬರ ಬದಲು ಒಬ್ಬರನ್ನು, ಅರ್ಧ ಗಂಟೆ ಮಾತ್ರ ಇಳಿಸುತ್ತೇನೆ’ ಎಂದಾಗುತ್ತದೆ. ಉತ್ಪ್ರೇಕ್ಷೆಯಲ್ಲ, ಹೀಗೆ ಬರೆದ ಉತ್ತರವನ್ನು ನಾನು ತಿದ್ದಿದ್ದೇನೆ. ತೂಗುವ ಮುಂಚೆ ತಕ್ಕಡಿಗೆ ಹಾಕಬಾರದ್ದನ್ನು ಬೇರೆ ಇಡಬೇಕು. ಮತ್ತೆ ಸಿಗದದ್ದು, ಅದರಲ್ಲೂ ಬೇಡ ಎನ್ನುವ ಶಕ್ತಿಯಿಲ್ಲದವರದ್ದು, ತಕ್ಕಡಿಗೆ ಬರುವುದಿಲ್ಲ. ಉಳಿದದ್ದನ್ನೆಲ್ಲ ತೂಗಿ. ನೀವು ಆರಿಸಿದ ದಾರಿಯಲ್ಲಿ ಯಾರಿಗೆ ನಷ್ಟವಾಗುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿ, ಆ ನಷ್ಟವನ್ನು ಹೇಗೆ ಕಡಿಮೆ ಮಾಡುತ್ತೀರಿ ಎಂದು ತೋರಿಸಿ. ಸಮತೋಲನ ಕಾಣಿಸಬೇಕಾದದ್ದು ಈ ಕೊನೆಯ ಎರಡು ಹೆಜ್ಜೆಗಳಲ್ಲಿ.

ಹಾಗಾಗಿ ಮೂರನೆಯ ಭಾಗದ ಉತ್ತರವನ್ನು ನಾನಾದರೆ ಸುಮಾರು ಹೀಗೆ ಬರೆಯುತ್ತೇನೆ:

‘ಯಾರನ್ನೂ ಒಳಗೆ ಇಳಿಸಲು ಅನುಮತಿ ಕೊಡುವುದಿಲ್ಲ. ನಿಯಮದಲ್ಲಿ ನನಗೆ ಅಧಿಕಾರವಿದೆ, ಆದರೆ ಪಂಪು ಮತ್ತು ಟ್ಯಾಂಕರ್‌ನಿಂದ ಎರಡು ದಿನ ನಿಭಾಯಿಸಬಹುದಾದಾಗ ಅನಿವಾರ್ಯ ಎಂದು ದಾಖಲಿಸಿದರೆ ಅದು ಸುಳ್ಳಾಗುತ್ತದೆ. ಇಂದು ರಾತ್ರಿಯೇ ಬೀದಿಯ ನೀರಿನ ವಾಲ್ವ್ ಮುಚ್ಚಿಸಿ, ಟ್ಯಾಂಕರ್ ಕಳಿಸಿ, ಕೊಳಚೆಯನ್ನು ಪಂಪಿನಿಂದ ಮುಂದಿನ ಮ್ಯಾನ್‌ಹೋಲ್‌ಗೆ ದಾಟಿಸುತ್ತೇನೆ. ಜಿಲ್ಲಾಧಿಕಾರಿಗಳಿಗೆ ವರದಿ ಮಾಡಿ ಯಂತ್ರವನ್ನು ಬೇಗ ಕೋರುತ್ತೇನೆ. ಆ ವರದಿಯಲ್ಲಿ ದುರಸ್ತಿ ಕಡತ ನನ್ನಲ್ಲಿ ಎರಡು ತಿಂಗಳು ಉಳಿದದ್ದನ್ನೂ ತಿಳಿಸಿ, ಕಡತವನ್ನು ಇಂದೇ ವಿಲೇವಾರಿ ಮಾಡುತ್ತೇನೆ. ಬಂದ ಕಾರ್ಮಿಕರಿಗೆ ಪಂಪಿನ ಕಾವಲು, ತಡೆಗೋಡೆ, ಯಂತ್ರಕ್ಕೆ ಸಹಾಯದಂಥ ನೆಲದ ಮೇಲಿನ ಕೆಲಸ ಮತ್ತು ಕೂಲಿ ಕೊಡಿಸುತ್ತೇನೆ. ಒಳಚರಂಡಿ ಕಾರ್ಮಿಕರಿಗಾಗಿ ಇರುವ ನಮಸ್ತೆ ಯೋಜನೆಯಲ್ಲಿ ಅವರ ಹೆಸರು ನೋಂದಾಯಿಸಲು ಕ್ರಮ ತೆಗೆದುಕೊಳ್ಳುತ್ತೇನೆ. ಅಧ್ಯಕ್ಷರನ್ನು ಸ್ಥಳಕ್ಕೆ ಕರೆದುಕೊಂಡು ಹೋಗಿ ಯೋಜನೆ ವಿವರಿಸುತ್ತೇನೆ. ಗುತ್ತಿಗೆದಾರನಿಗೆ ಜನರನ್ನು ಇಳಿಸಕೂಡದೆಂದು ಲಿಖಿತ ಸೂಚನೆ ಕೊಟ್ಟು, ರಾತ್ರಿ ಆ ಜಾಗಕ್ಕೆ ಸಿಬ್ಬಂದಿ ನೇಮಿಸುತ್ತೇನೆ. ಎರಡು ದಿನ ಬೀದಿಯವರಿಗೂ ಅಂಗಡಿಯವರಿಗೂ ತೊಂದರೆಯಾಗುತ್ತದೆ. ಆ ತೊಂದರೆ ನನ್ನ ವಿಳಂಬದಿಂದ ಬಂದದ್ದು, ಅದನ್ನು ಅವರಿಗೆ ನಾನೇ ಹೇಳುತ್ತೇನೆ.’

ಇದು ನೂರೈದು ಪದದ ಆಸುಪಾಸಿನಲ್ಲಿದೆ. ಉಳಿದ ಪದಗಳನ್ನು ಮೊದಲ ಎರಡು ಭಾಗಗಳಿಗೆ ಬಳಸಿಕೊಳ್ಳಿ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷಿನವರಿಗಿಂತ ಕಡಿಮೆ ಪದದಲ್ಲಿ ಅಷ್ಟೇ ವಿಷಯ ಹೇಳುವ ಅನುಕೂಲ ನಿಮಗಿದೆ.

ಈ ಮಾದರಿಯಲ್ಲಿ ಎರಡು ವಿಷಯ ಗಮನಿಸಿ. ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸುತ್ತೇನೆ, ಎಫ್‌ಐಆರ್ ಹಾಕಿಸುತ್ತೇನೆ ಎಂದು ಬರೆದಿಲ್ಲ. ಅವನು ಪ್ರಸ್ತಾಪ ಮಾಡಿದ್ದಾನೆ, ಇನ್ನೂ ಯಾರನ್ನೂ ಇಳಿಸಿಲ್ಲ. ಮಾಡಿದ ತಪ್ಪಿಗೆ ಮೀರಿದ ಶಿಕ್ಷೆ ಬರೆಯುವುದು ಅಭ್ಯರ್ಥಿಯ ಕೋಪವನ್ನು ತೋರಿಸುತ್ತದೆ, ವಿವೇಚನೆಯನ್ನು ತೋರಿಸುವುದಿಲ್ಲ. ಆದರೆ ಬೇಡವೆಂದ ಮೇಲೂ ಕತ್ತಲಲ್ಲಿ ಇಳಿಸಿಬಿಡುವ ಸಾಧ್ಯತೆ ಇದೆ, ಅದಕ್ಕೇ ಕಾವಲು. ಇನ್ನೊಂದು, ಕಾರ್ಮಿಕನಿಗೆ ಕಾಯಂ ನೌಕರಿ ಕೊಡಿಸುತ್ತೇನೆ ಎಂದೂ ಬರೆದಿಲ್ಲ. ಅದು ಮುಖ್ಯಾಧಿಕಾರಿಯ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದನ್ನು ಉತ್ತರಪತ್ರಿಕೆಯಲ್ಲಿ ದಾನ ಮಾಡುವುದು ಓದುವವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಉಕ್ತಿಗಳ ಬಗ್ಗೆ ಒಂದು ಮಾತು. ನಿಮ್ಮ ಒಂದು ಉತ್ತರದಲ್ಲಿ ಕಾಂಟ್, ಗಾಂಧೀಜಿ ಮತ್ತು ಒಂದು ವಚನದ ಸಾಲು ಮೂರೂ ಬಂದಿವೆ. ಕಾಂಟ್‌ನ ಮಾತು ಈ ಪ್ರಕರಣದಲ್ಲಿ ಕೆಲಸಕ್ಕೆ ಬರುತ್ತದೆ: ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು. ಇಬ್ಬರ ಜೀವ ಇಟ್ಟು ಜಾತ್ರೆ ಚಂದಗಾಣಿಸುವುದು ಅದೇ ಅಲ್ಲವೇ? ಹಾಗೆ ನಿಮ್ಮ ವಾದದ ಒಂದು ಮೆಟ್ಟಿಲಾಗುವುದಾದರೆ ಅರ್ಧ ಸಾಲಿನಲ್ಲಿ ಬರಲಿ. ಅಲಂಕಾರಕ್ಕಾದರೆ ಬೇಡ, ಆ ಹದಿನೈದು ಪದದಲ್ಲಿ ವಾಲ್ವ್ ಮುಚ್ಚಿಸುವ ಮಾತು ಹೇಳಬಹುದು.

ಈ ಪ್ರಕರಣವನ್ನು ನೀವು ಇನ್ನೊಮ್ಮೆ ಬರೆದು ನನಗೆ ಕಳಿಸಿ, ಆದರೆ ಒಂದು ಸಂಗತಿ ಬದಲಾಯಿಸಿಕೊಂಡು. ಯಂತ್ರ ಎರಡು ದಿನದಲ್ಲೇ ಬಂದಿದೆ. ಆದರೆ ಒಡೆದ ಕಾಂಕ್ರೀಟ್ ಮುಚ್ಚಳದ ತುಂಡು ಒಳಗೆ ಸಿಕ್ಕಿಕೊಂಡು ಜೆಟ್ಟಿಂಗ್‌ಗೂ ಜಗ್ಗುತ್ತಿಲ್ಲ, ಹೊರಗಿನಿಂದ ಯಾವ ಯಂತ್ರದಿಂದಲೂ ಅದನ್ನು ಎತ್ತಲಾಗುತ್ತಿಲ್ಲ. ಪಕ್ಕದ ನಗರಸಭೆಯವರ ಬಳಿ ಅನಿಲ ಪತ್ತೆ ಯಂತ್ರ, ಉಸಿರಾಟದ ಸಾಧನ, ಮುಕ್ಕಾಲಿ, ತರಬೇತಾದ ನಾಲ್ವರು ಎಲ್ಲ ಇದ್ದಾರೆ. ಈಗ ನಿಯಮ ಹೆಸರಿಸಿದ ಸಂದರ್ಭವೇ ಎದುರಿಗಿದೆ, ನಿಮ್ಮ ಲಿಖಿತ ಅನುಮತಿಗಾಗಿ ಅವರು ಕಾಯುತ್ತಿದ್ದಾರೆ. ಈ ಸಲ ನಿಮ್ಮ ತೀರ್ಮಾನ ಬದಲಾಗಬಹುದು. ಬದಲಾದರೆ ಅನುಮತಿಯ ಕಾಗದದಲ್ಲಿ ಏನೇನು ಷರತ್ತು ಬರೆಯುತ್ತೀರಿ, ಮುಚ್ಚಳ ತೆಗೆದು ಎಷ್ಟು ಹೊತ್ತು ಗಾಳಿಯಾಡಲು ಬಿಡುತ್ತೀರಿ, ಅನಿಲದ ಅಳತೆಯನ್ನು ಎಷ್ಟು ಆಳದಲ್ಲಿ ತೆಗೆಸುತ್ತೀರಿ, ಮೇಲೆ ಹಗ್ಗ ಹಿಡಿದು ನಿಲ್ಲುವವರು ಯಾರು, ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ ಎಂಬುದನ್ನೂ ಬರೆಯಿರಿ.